ಐದೂವರೆ ತಿಂಗಳ ಗಡುವು ಮತ್ತು ಒಂದು ಹಾಳೆ

ಬಾಡಿಗೆ ಮನೆಯಲ್ಲಿ ಇರುವವರಿಗೆ 'ಮನೆ ಖಾಲಿ ಮಾಡಿ' ಎನ್ನುವ ಮಾತು ಹೇಗೆ ಕೇಳಿಸುತ್ತದೆ ಎಂದು ಹೇಳಬೇಕಾಗಿಲ್ಲ. ಆದರೆ ಆ ಮಾತಿನಲ್ಲೂ ಬಗೆಗಳಿವೆ. ಬಾಡಿಗೆ ಬಾಕಿ ಇಟ್ಟವರಿಗೆ ಹೇಳುವುದು ಒಂದು ಬಗೆ, ಬಾಡಿಗೆ ಏರಿಸುವುದಕ್ಕೆ ಹೆದರಿಸುವುದು ಇನ್ನೊಂದು. ನಮಗೆ ಬಂದದ್ದು ಮೂರನೆಯದು. ಮಾಲೀಕರಿಗೆ ನಮ್ಮ ಮೇಲೆ ಯಾವ ದೂರೂ ಇರಲಿಲ್ಲ. ಅವರ ಮನೆಯವರಿಗೇ ಮನೆ ಬೇಕಾಗಿತ್ತು, ಅಷ್ಟೆ. ಸಮಯವನ್ನೂ ಧಾರಾಳವಾಗಿಯೇ ಕೊಟ್ಟರು. ಇಂಥ ಕಡೆ ಜಗಳವಾಡಲು ಏನೂ ಇರುವುದಿಲ್ಲ. ಅದಕ್ಕೇ ಏನು ಕೇಳಬೇಕು ಎಂಬುದೂ ಹೊಳೆಯುವುದಿಲ್ಲ.

ನಾವು ಮೂವರು ಹುಡುಗಿಯರು. ನಾನು ಶಿರಾ ಕಡೆಯವಳು, ಇನ್ನೊಬ್ಬಳು ಚಳ್ಳಕೆರೆಯವಳು. ನಾವಿಬ್ಬರೂ ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆವು. ಹಾಸನದವಳು ಮಾತ್ರ ಕೆಲಸದಲ್ಲಿದ್ದಳು. ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್, ಹತ್ತಿರದ ಮೂಡಲಪಾಳ್ಯದಲ್ಲಿ ಮನೆ. ಕೆಳಗಡೆ ಮಾಲೀಕರು, ಮೇಲ್ಮಹಡಿಯಲ್ಲಿ ನಾವು. ಬಾಡಿಗೆ 14,000 ರೂಪಾಯಿ, ಅಡ್ವಾನ್ಸ್ 90,000. ಮೂವರೂ ಮೂವತ್ತು ಮೂವತ್ತು ಸಾವಿರ ಹಾಕಿದ್ದೆವು. ನನ್ನ ಪಾಲಿನದು ಅಪ್ಪ ಶೇಂಗಾ ಮಾರಿದ ದುಡ್ಡು.

ಮಾಲೀಕರು ನಿವೃತ್ತ ಮೇಷ್ಟ್ರು. ನಾವು ಅವರನ್ನು ಅಂಕಲ್ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಆಂಟಿ. ದೀಪಾವಳಿ ಕಳೆದ ಮೇಲೆ, ನವೆಂಬರ್ ಎರಡನೇ ವಾರ ಇಬ್ಬರೂ ಮೇಲೆ ಬಂದರು. ಅಂಕಲ್ ಸುತ್ತಿ ಬಳಸದೆ ಹೇಳಿದರು: 'ನೋಡ್ರಮ್ಮ, ಮಗಳೂ ಅಳಿಯನೂ ಪುಣೆಯಿಂದ ಇಲ್ಲಿಗೇ ಬರ್ತಿದಾರೆ. ಮೊಮ್ಮಗಳನ್ನ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಇಲ್ಲೇ ಸೇರಿಸಬೇಕು. ಬಾತ್‌ರೂಮ್ ಒಡೆಸಿ, ಬಣ್ಣ ಹೊಡೆಸಬೇಕು. ಏಪ್ರಿಲ್ ಕೊನೆಗೆ ಮನೆ ಬಿಟ್ಟುಕೊಟ್ರೆ ಸಾಕು. ನಿಮಗೆ ಅವಸರ ಮಾಡಲ್ಲ.' ಆಂಟಿ, 'ನಿಮ್ಮ ಮೇಲೆ ಏನೂ ಬೇಜಾರಿಲ್ಲಮ್ಮ' ಎಂದು ಎರಡು ಸಲ ಹೇಳಿದರು.

ಅವರು ಕೆಳಗಿಳಿದ ಮೇಲೆ ಚಳ್ಳಕೆರೆಯವಳ ಮೊದಲ ಪ್ರಶ್ನೆ: 'ಇದು ನಿಜಾನಾ, ಇಲ್ಲ ಹೆಚ್ಚು ಬಾಡಿಗೆಗೆ ಯಾರಾದರೂ ಸಿಕ್ಕಿದಾರಾ?' ಕೇಳಬೇಕಾದ ಪ್ರಶ್ನೆಯೇ. ಮಗನ ಮದುವೆ, ಮಗಳ ಬಾಣಂತನ ಎಂದು ಹೇಳಿ ಖಾಲಿ ಮಾಡಿಸಿ, ತಿಂಗಳಲ್ಲೇ 'ಟು ಲೆಟ್' ಬೋರ್ಡ್ ತೂಗುಹಾಕಿದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ನಿಜವಾದ ಅಗತ್ಯಕ್ಕೆ ಸಾಮಾನ್ಯವಾಗಿ ಒಂದು ತಾರೀಖು ಅಂಟಿಕೊಂಡಿರುತ್ತದೆ: ಶಾಲೆ ಶುರುವಾಗುವುದು, ಮದುವೆಯ ಮುಹೂರ್ತ, ನಿವೃತ್ತಿಯ ದಿನ. ಆ ತಾರೀಖಿಗೂ ನಮಗೆ ಕೊಟ್ಟ ಗಡುವಿಗೂ ಹೊಂದಿಕೆ ಇರುತ್ತದೆ. ನಮ್ಮ ವಿಷಯದಲ್ಲಿ ಜೂನ್‌ಗೆ ಶಾಲೆ, ಮೇ ತಿಂಗಳು ರಿಪೇರಿ, ಏಪ್ರಿಲ್ ಕೊನೆಗೆ ಖಾಲಿ. ಲೆಕ್ಕ ಕೂಡುತ್ತಿತ್ತು. ಮಾತಿನ ನಡುವೆ 'ಈಗ ಈ ಏರಿಯಾದಲ್ಲಿ ಇಪ್ಪತ್ತು ಸಾವಿರ ನಡೀತಿದೆ' ಎಂಬ ರಾಗ ಬಂದಿದ್ದರೆ ಅನುಮಾನ ಪಡಬೇಕಾಗಿತ್ತು. ಬರಲಿಲ್ಲ.

ಇನ್ನು ಕಾನೂನು. ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟ್ ಜುಲೈನಲ್ಲೇ ಮುಗಿದಿತ್ತು. ಹೊಸದು ಮಾಡಿಸೋಣ ಎಂದರೆ ಅಂಕಲ್ 'ಆಮೇಲೆ ನೋಡೋಣ' ಎಂದಿದ್ದರು. ಬಾಡಿಗೆ ಮಾತ್ರ ತಿಂಗಳು ತಿಂಗಳು ಹೋಗುತ್ತಿತ್ತು. ಹೀಗೆ ಮುಂದುವರಿದ ಬಾಡಿಗೆಯನ್ನು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದೇ ಎಣಿಸುತ್ತಾರೆ. ಬೇರೆ ಕರಾರು ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಅದನ್ನು ಮುಗಿಸಲು ಹದಿನೈದು ದಿನಗಳ ಲಿಖಿತ ನೋಟಿಸ್ ಸಾಕು. ಕಾರಣವನ್ನೂ ಹೇಳಬೇಕಾಗಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಾಡಿಗೆದಾರರಿಗೆ ಇದಕ್ಕಿಂತ ಹೆಚ್ಚಿನ ರಕ್ಷಣೆ ಕೊಡುತ್ತದೆ. ಅಲ್ಲಿ ಮಾಲೀಕರು ಕಾರಣ ತೋರಿಸಲೇಬೇಕು, ಸ್ವಂತಕ್ಕೆ ಅಥವಾ ಮನೆಯವರಿಗೆ ಬೇಕು ಎಂಬುದು ಅಂಥ ಒಂದು ಕಾರಣ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಯ ಮನೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಒಂದು ಕೋಣೆಯಾದರೂ ಸಿಕ್ಕೀತೇ! ನೋಟಿಸ್ ಮುಗಿದರೂ ಸಾಮಾನು ಹೊರಗೆ ಎಸೆಯುವ, ನೀರು-ಕರೆಂಟು ಕತ್ತರಿಸುವ ಅಧಿಕಾರ ಮಾಲೀಕರಿಗೆ ಇಲ್ಲ, ಅದಕ್ಕೆ ಕೋರ್ಟಿಗೇ ಹೋಗಬೇಕು. ಇಷ್ಟು ತಿಳಿದ ಮೇಲೆ ಒಂದು ಸ್ಪಷ್ಟವಾಯಿತು. ಹದಿನೈದು ದಿನ ಕೊಡಬಹುದಾಗಿದ್ದ ಕಡೆ ಅಂಕಲ್ ಐದೂವರೆ ತಿಂಗಳು ಕೊಟ್ಟಿದ್ದರು.

ಮೂವರೂ ರಾತ್ರಿ ಕೂತು ಯೋಚಿಸಿದಾಗ ಇನ್ನೊಂದು ಸಂಗತಿ ಹೊಳೆಯಿತು. ಐದೂವರೆ ತಿಂಗಳನ್ನು ಮನೆ ಹುಡುಕಲು ಬಳಸಲಾಗುವುದೇ ಇಲ್ಲ! ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಖಾಲಿ ಇರುವ ಮನೆಯನ್ನು ಯಾರೂ ಏಪ್ರಿಲ್‌ವರೆಗೆ ನಮಗಾಗಿ ಇಟ್ಟುಕೊಂಡಿರುವುದಿಲ್ಲ. ಬೋರ್ಡ್ ಹಾಕಿದವರಿಗೆ ಎರಡು ವಾರದಲ್ಲಿ, ಹೆಚ್ಚೆಂದರೆ ತಿಂಗಳಲ್ಲಿ ಜನ ಬೇಕು. ಹಾಗಾಗಿ ಗಡುವು ಎಷ್ಟೇ ಉದ್ದವಿದ್ದರೂ ನಿಜವಾದ ಹುಡುಕಾಟ ಕೊನೆಯ ಆರು ವಾರಗಳಲ್ಲೇ ನಡೆಯುತ್ತದೆ. ಉದ್ದ ಗಡುವಿನಿಂದ ಲಾಭವಾಗಬೇಕಾದರೆ ನಡುವೆ ಯಾವಾಗ ಒಳ್ಳೆಯ ಮನೆ ಸಿಕ್ಕರೂ ಹೊರಡುವ ಸ್ವಾತಂತ್ರ್ಯ ಇರಬೇಕು. 'ಏಪ್ರಿಲ್ ಕೊನೆಗೆ' ಎಂದರೆ ಕೊನೆಯವರೆಗೂ ಬಾಡಿಗೆ ಕೊಡಲೇಬೇಕೇ, ಅಥವಾ ಕೊನೆಯೊಳಗೆ ಯಾವಾಗಲಾದರೂ ಬಿಡಬಹುದೇ? ಅಂಕಲ್ ಎರಡರಲ್ಲಿ ಯಾವುದನ್ನೂ ಹೇಳಿರಲಿಲ್ಲ.

ಎರಡನೆಯದು ದುಡ್ಡು. ಹೊಸ ಮನೆಯವರು ಅಡ್ವಾನ್ಸ್ ಪೂರ್ತಿ ಎಣಿಸಿಕೊಂಡ ಮೇಲೆಯೇ ಬೀಗದ ಕೈ ಕೊಡುವುದು. ಹಳೆಯ ಮನೆಯವರು ನಾವು ಬೀಗದ ಕೈ ಕೊಟ್ಟ ಮೇಲೆಯೇ ಅಡ್ವಾನ್ಸ್ ಎಣಿಸುವುದು. ನಡುವಿನ ಎರಡು ಮೂರು ವಾರ ಎರಡು ಅಡ್ವಾನ್ಸ್‌ಗಳೂ ನಮ್ಮ ಕೈಯಲ್ಲಿ ಇರುವುದಿಲ್ಲ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಬೆಂಗಳೂರಿನಲ್ಲಿ ಆರು ತಿಂಗಳ ಬಾಡಿಗೆ ಕೇಳಿದರೆ ಅದೇ ಪುಣ್ಯ. ಸಂಬಳ ಇರುವವರು ಹೇಗೋ ಸರಿದೂಗಿಸಿಕೊಳ್ಳುತ್ತಾರೆ. ಕೆಲಸ ಹುಡುಕುತ್ತಿರುವವರು ಮನೆಗೆ ಫೋನ್ ಮಾಡಿ ಇನ್ನೊಮ್ಮೆ ಮೂವತ್ತು ಸಾವಿರ ಕೇಳಬೇಕು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಗುರುತಿಸಿದವಳು ಹಾಸನದವಳು, ಅವಳದು ಅಕೌಂಟ್ಸ್ ಕೆಲಸ. ಬಹಳಷ್ಟು ಮಾಲೀಕರು ನಮ್ಮ ಅಡ್ವಾನ್ಸನ್ನು ಬೀರುವಿನಲ್ಲಿ ಇಟ್ಟಿರುವುದಿಲ್ಲ. ಸಾಲ ತೀರಿಸಿರುತ್ತಾರೆ, ಮೇಲೊಂದು ಕೋಣೆ ಕಟ್ಟಿರುತ್ತಾರೆ. ನಾವು ಬಿಡುವಾಗ ಮುಂದಿನ ಬಾಡಿಗೆದಾರರು ಕೊಡುವ ಅಡ್ವಾನ್ಸಿನಿಂದ ನಮ್ಮದನ್ನು ಕೊಡುತ್ತಾರೆ. ಆದರೆ ಮನೆಗೆ ಬರುವವರು ಅವರದೇ ಮಗಳಾದರೆ ಮುಂದಿನ ಅಡ್ವಾನ್ಸ್ ಎಲ್ಲಿಂದ ಬರಬೇಕು? ಮನೆಯವರಿಗೇ ಬೇಕು ಎಂದು ಖಾಲಿ ಮಾಡಿಸುವಾಗ ಅಡ್ವಾನ್ಸ್ ತಡವಾಗುವ ಅಪಾಯ ಇರುವುದೇ ಇಲ್ಲಿ. ಮಾಲೀಕರು ಒಳ್ಳೆಯವರಾಗಿದ್ದರೂ ಕೈಯಲ್ಲಿ ದುಡ್ಡು ಇಲ್ಲದಿದ್ದರೆ ಏನು ಮಾಡಿಯಾರು? ಉದ್ದ ಗಡುವು ನಮಗೆಷ್ಟು ಅನುಕೂಲವೋ ದುಡ್ಡು ಹೊಂದಿಸಲು ಅವರಿಗೂ ಅಷ್ಟೇ ಅನುಕೂಲ. ಆದರೆ ಮೊದಲ ವಾರದಲ್ಲೇ ನೆನಪಿಸಬೇಕು.

ಮುಂದಿನ ಭಾನುವಾರ ಕೆಳಗೆ ಹೋದೆವು. ಆಂಟಿ ಕಾಫಿ ಕೊಟ್ಟರು. 'ಅಂಕಲ್, ನೀವು ಹೇಳಿದ ಹಾಗೆ ಬಿಡ್ತೀವಿ. ಎಲ್ಲಾ ಒಂದು ಹಾಳೇಲಿ ಬರ್ಕೊಳ್ಳೋಣ್ವಾ?' ಎಂದು ಕೇಳಿದೆ. ಅವರ ಮುಖ ಸ್ವಲ್ಪ ಬಿಗಿಯಾಯಿತು. 'ನನ್ನ ಮಾತಿನ ಮೇಲೆ ನಂಬಿಕೆ ಇಲ್ವೇನಮ್ಮ?' ಎಂದರು. ಹಾಸನದವಳು, 'ನಂಬಿಕೆ ಇದೆ ಅಂಕಲ್. ತಾರೀಖು ಬರೆದಿದ್ರೆ ನಿಮ್ಮ ಅಳಿಯಂದಿರಿಗೂ ಧೈರ್ಯ ಅಲ್ವಾ? ನಾವು ಬಿಡದೇ ಹೋದ್ರೆ ಅನ್ನೋ ಭಯ ಅವರಿಗೂ ಇರುತ್ತಲ್ಲ' ಎಂದಳು. ಮೇಷ್ಟ್ರು ಒಂದು ಕ್ಷಣ ಯೋಚಿಸಿ ಗೆರೆ ಹಾಕಿದ ಹಾಳೆ ತಂದು ತಾವೇ ದುಂಡಾಗಿ ಬರೆಯತೊಡಗಿದರು.

ಹಾಳೆಯಲ್ಲಿ ಬಂದದ್ದು ಇಷ್ಟು: 'ಮೇಲ್ಮಹಡಿಯ ಮನೆ ನಮ್ಮ ಮಗಳ ಕುಟುಂಬದ ವಾಸಕ್ಕೆ ಬೇಕಾಗಿರುವುದರಿಂದ ಬಾಡಿಗೆದಾರರು ಏಪ್ರಿಲ್ 30ರೊಳಗೆ ಖಾಲಿ ಮಾಡುವುದು. ಅದಕ್ಕೆ ಮೊದಲೇ ಬೇರೆ ಮನೆ ಸಿಕ್ಕರೆ 15 ದಿನ ಮುಂಚೆ ತಿಳಿಸಿ ಬಿಡಬಹುದು, ಇದ್ದ ದಿನಗಳ ಬಾಡಿಗೆ ಮಾತ್ರ ಕೊಡುವುದು. ಅಲ್ಲಿಯವರೆಗೆ ಬಾಡಿಗೆ ಏರಿಸುವುದಿಲ್ಲ. ಹೊಸ ಮನೆ ಗೊತ್ತಾದಾಗ ಅಡ್ವಾನ್ಸ್‌ನಲ್ಲಿ 40,000 ರೂಪಾಯಿ ಮುಂಚಿತವಾಗಿ, ಉಳಿದದ್ದು ಬೀಗದ ಕೈ ಕೊಡುವ ದಿನ ಕೊಡಲಾಗುವುದು.' ಕೆಳಗೆ ತಾರೀಖು, ಅವರ ಸಹಿ, ನಮ್ಮ ಮೂವರ ಸಹಿ. ಅವರಿಗೊಂದು, ನಮಗೊಂದು.

ಆ ನಲವತ್ತು ಸಾವಿರ ಸುಮ್ಮನೆ ಬಾಯಿಗೆ ಬಂದ ಅಂಕಿ ಅಲ್ಲ. 'ಮೊದಲೇ ದುಡ್ಡು ಕೊಟ್ಟು, ಆಮೇಲೆ ನೀವು ಬಾಡಿಗೆ ಕೊಡದೆ ಕೂತ್ರೆ?' ಎಂದು ಯಾವ ಮಾಲೀಕರಾದರೂ ಯೋಚಿಸುತ್ತಾರೆ, ಯೋಚಿಸಬೇಕು. ತೊಂಬತ್ತರಲ್ಲಿ ನಲವತ್ತು ಕೊಟ್ಟರೆ ಅವರ ಕೈಯಲ್ಲಿ ಐವತ್ತು ಸಾವಿರ ಉಳಿಯುತ್ತದೆ. ಮೂರು ತಿಂಗಳ ಬಾಡಿಗೆ 42,000. ಅಂದರೆ ಮೂರು ತಿಂಗಳ ಬಾಡಿಗೆ ಕಳೆದರೂ ಮೇಲೆ ಎಂಟು ಸಾವಿರ ಅವರಲ್ಲೇ ಇರುತ್ತದೆ. ಹೀಗೆ ಲೆಕ್ಕ ಹೇಳಿದಾಗ ಅಂಕಲ್ ಒಪ್ಪಿದರು. 'ನನ್ನದೊಂದು ಎಫ್‌ಡಿ ಫೆಬ್ರವರಿಗೆ ಮುಗಿಯುತ್ತೆ. ಅದಕ್ಕೆ ಮುಂಚೆ ಮಾತ್ರ ಕೇಳಬೇಡಿ' ಎಂದರು. ನಮಗೆ ಅಷ್ಟು ಗೊತ್ತಾದದ್ದೇ ದೊಡ್ಡದು. ಫೆಬ್ರವರಿಗೆ ಮುಂಚೆ ಮನೆ ಹುಡುಕಿ ಪ್ರಯೋಜನವಿಲ್ಲ ಎಂದು ತಿಳಿಯಿತು.

ಬಣ್ಣದ ಖರ್ಚಿನ ಬಗ್ಗೆಯೂ ಅಂದೇ ಕೇಳಿದೆವು. ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಮುರಿದುಕೊಳ್ಳುವುದು ಇಲ್ಲಿನ ವಾಡಿಕೆ, ನಮ್ಮ ಹಳೆಯ ಅಗ್ರಿಮೆಂಟಿನಲ್ಲೂ ಇತ್ತು. ಆದರೆ ಗೋಡೆ ಒಡೆದು ರಿಪೇರಿ ಮಾಡಿಸಿ ಹೇಗೂ ಹೊಸ ಬಣ್ಣ ಹೊಡೆಸುವವರು ಅವರು. ಬಿಡುತ್ತಿರುವುದೂ ನಮ್ಮ ಇಷ್ಟದಿಂದಲ್ಲ. 'ಅಗ್ರಿಮೆಂಟ್ ಅಗ್ರಿಮೆಂಟೇ' ಎಂದು ಅಂಕಲ್. 'ಅರ್ಧ ತಗೊಳ್ಳಿ, ಮಕ್ಕಳು ಪಾಪ' ಎಂದು ಆಂಟಿ. ಏಳು ಸಾವಿರಕ್ಕೆ ನಿಂತಿತು. ಹಾಳೆಯ ಕೊನೆಯಲ್ಲಿ ಅದೂ ಸೇರಿತು.

ಬರೆಸದೇ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಕೋಚಿಂಗ್‌ನ ಒಬ್ಬ ಹುಡುಗನ ಅನುಭವ ಹೇಳುತ್ತೇನೆ. ಅವನಿಗೂ ಮಾಲೀಕರು 'ಮಗನ ಮದುವೆ, ಮನೆ ಬೇಕು, ನಿಧಾನವಾಗಿ ನೋಡ್ಕೊಳಪ್ಪ' ಎಂದಿದ್ದರು. ತಾರೀಖು ಇಲ್ಲ. ಮೂರು ತಿಂಗಳಾದ ಮೇಲೆ ಮದುವೆ ಮುಂಚೆ ಬಂತು. ಆಗ ಮಾತಾಡಲು ಬಂದವರು ಮಾಲೀಕರಲ್ಲ, ಅವರ ಮಗ. 'ಅಪ್ಪ ಹೇಳಿ ಮೂರು ತಿಂಗಳಾಯ್ತಲ್ಲ, ಈ ತಿಂಗಳೇ ಬಿಡಿ' ಎಂದ. ಇವನ ಮುಖ್ಯ ಪರೀಕ್ಷೆಗೆ ಆಗ ಹದಿನೆಂಟು ದಿನ. ಗಡುವು ಕೊಡುವವರು ಅಪ್ಪ, ವಸೂಲಿಗೆ ಬರುವವರು ಮಕ್ಕಳು. ಕುಟುಂಬಕ್ಕೆ ಮನೆ ಬೇಕಾದಾಗ ಹೀಗಾಗುವುದು ಸಾಮಾನ್ಯ, ಏಕೆಂದರೆ ಮಾತು ಕೊಟ್ಟವರೂ ಮನೆಗೆ ಬರುವವರೂ ಬೇರೆ ಬೇರೆ. ನಮ್ಮ ಅಂಕಲ್‌ಗೂ ಜನವರಿಯಲ್ಲಿ ಅಳಿಯನ ಫೋನ್ ಬಂತಂತೆ, ಮಾರ್ಚ್‌ಗೇ ಆಗುತ್ತದೆಯೇ ಎಂದು. 'ಬರ್ಕೊಟ್ಟಿದೀನಪ್ಪ' ಎಂದು ಹೇಳಿದೆ ಎಂದು ಅವರೇ ನಗುತ್ತಾ ಹೇಳಿದರು.

ಮಾರ್ಚ್‌ನಲ್ಲಿ ಹುಡುಕಲು ಶುರು ಮಾಡಿದೆವು. ಸಂಜೆ ಹೊತ್ತು ಚಂದ್ರಾ ಲೇಔಟ್, ನಾಗರಬಾವಿ ಕಡೆ ರಸ್ತೆ ರಸ್ತೆ ನಡೆದು ಬೋರ್ಡ್ ನೋಡುವುದು. ಬ್ರೋಕರ್ ಹಿಡಿದರೆ ಒಂದು ತಿಂಗಳ ಬಾಡಿಗೆ ಅವರಿಗೇ ಹೋಗುತ್ತದೆ. 'ಬ್ಯಾಚುಲರ್ಸ್‌ಗೆ ಕೊಡಲ್ಲ', 'ನೀವು ಯಾವ ಜನ?', 'ನಾನ್‌ವೆಜ್ ಮಾಡ್ತೀರಾ?' ಇವೆಲ್ಲ ಮಾಮೂಲಿ, ಅದನ್ನು ಬರೆಯಲು ಇನ್ನೊಂದು ಲೇಖನವೇ ಬೇಕು. ಆದರೆ ಎಲ್ಲರೂ ಕೇಳುವ ಒಂದು ಪ್ರಶ್ನೆ 'ಅಲ್ಲಿಂದ ಯಾಕೆ ಬಿಡ್ತಿದೀರಾ?' ಎಂಬುದು. ಅದಕ್ಕೆ ನಮ್ಮ ಬಳಿ ಮೇಷ್ಟ್ರ ಕೈಬರಹ ಇತ್ತು. ಹಾಳೆ ಓದಿದ ನಾಗರಬಾವಿಯ ಒಬ್ಬ ಮಾಲಕಿ ನಮ್ಮೆದುರೇ ಅಂಕಲ್‌ಗೆ ಫೋನ್ ಮಾಡಿದರು. ಅವರು ಏನು ಹೇಳಿದರೋ, ಈ ಕಡೆ 'ಹೌದಾ ಸಾರ್, ಸರಿ ಸಾರ್' ಎಂಬುದಷ್ಟೇ ಕೇಳಿಸಿತು. ಮನೆ ಸಿಕ್ಕಿತು.

ಬಾಡಿಗೆ 16,000, ಅಡ್ವಾನ್ಸ್ ಒಂದು ಲಕ್ಷ, ಏಪ್ರಿಲ್ 5ರಿಂದ ಬಾಡಿಗೆ ಶುರು. ಮಾರ್ಚ್ 22ಕ್ಕೆ ಟೋಕನ್ ಹತ್ತು ಸಾವಿರ ಕೊಟ್ಟು ರಸೀದಿ ತೆಗೆದುಕೊಂಡೆವು. ರಸೀದಿ ತೋರಿಸಿದ ಮರುದಿನವೇ ಅಂಕಲ್ ನಲವತ್ತು ಸಾವಿರ ಹಾಕಿದರು. ಅದನ್ನು ಹಾಳೆಯ ಹಿಂಬದಿಯಲ್ಲಿ ಬರೆದು ಸಹಿ ಮಾಡಿದೆವು. ಉಳಿದ ಐವತ್ತರಲ್ಲಿ ಹಾಸನದವಳು ಮೂವತ್ತು ಕೈಯಿಂದ ಹಾಕಿದಳು, ಇಪ್ಪತ್ತಕ್ಕೆ ಮಾತ್ರ ನಾನೂ ಚಳ್ಳಕೆರೆಯವಳೂ ಮನೆಗೆ ಫೋನ್ ಮಾಡಿದೆವು. ತಲಾ ಹತ್ತು ಸಾವಿರ, ಅದೂ ಮೂರು ವಾರದ ಮಟ್ಟಿಗೆ. ಹೋಗುವ ದಿನ ಏಪ್ರಿಲ್ 12 ಎಂದು ಮಾರ್ಚ್ 26ರಂದೇ ಅಂಕಲ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದೆ, ಹದಿನೈದು ದಿನದ ಮಾತಿಗೆ ಸಾಕ್ಷಿ ಇರಲಿ ಎಂದು. ಏಪ್ರಿಲ್ 5ರಿಂದ 12ರವರೆಗೆ ಎಂಟು ದಿನ ಎರಡೂ ಕಡೆ ಬಾಡಿಗೆ ಬಿತ್ತು. ಒಂದೇ ದಿನದಲ್ಲಿ ಮನೆ ಬದಲಿಸುವುದು ಕಷ್ಟ, ಅಷ್ಟು ಬಿಡದೆ ವಿಧಿಯಿಲ್ಲ. ಪೂರ್ತಿ ಏಪ್ರಿಲ್ ಬಾಡಿಗೆ ಕಟ್ಟಬೇಕಾಗಿದ್ದರೆ ಇನ್ನೂ 8,400 ಹೋಗುತ್ತಿತ್ತು.

ಟಾಟಾ ಏಸ್ ಒಂದೇ ಟ್ರಿಪ್ಪಿನಲ್ಲಿ ಮುಗಿಯಿತು. ಬಿಡುವ ಮುನ್ನ ಅಂಕಲ್ ಜೊತೆ ಮೀಟರ್ ಹತ್ತಿರ ನಿಂತು ರೀಡಿಂಗ್ ಫೋಟೊ ತೆಗೆದುಕೊಂಡೆವು, ಕರೆಂಟು ಬಿಲ್ಲು ನಾವು ಹೋದ ಮೇಲೆ ಬರುವಂಥದ್ದು. ಗೃಹಜ್ಯೋತಿಗೆ ಆ ಮೀಟರ್‌ನ ಆರ್‌ಆರ್ ನಂಬರು ಹಾಸನದವಳ ಆಧಾರ್‌ಗೆ ಜೋಡಣೆಯಾಗಿತ್ತು. ಸೇವಾ ಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಿದ ಮೇಲೆಯೇ ಹೊಸ ಮನೆಯ ಮೀಟರಿಗೆ ಅವಳು ಅರ್ಜಿ ಹಾಕಿದ್ದು. ಬಿಡಿಸದೇ ಹೋಗಿದ್ದರೆ ಅಂಕಲ್ ಮಗಳು ಆ ಮೀಟರಿಗೆ ಅರ್ಜಿ ಹಾಕುವಾಗ ತೊಡಕಾಗುತ್ತಿತ್ತು.

ಲೆಕ್ಕ ಕೆಳಗಡೆ ಊಟದ ಮೇಜಿನ ಮೇಲೆ ಆಯಿತು. ಉಳಿದಿದ್ದ ಐವತ್ತು ಸಾವಿರದಲ್ಲಿ ಏಪ್ರಿಲ್‌ನ ಹನ್ನೆರಡು ದಿನದ ಬಾಡಿಗೆ 5,600, ಬಣ್ಣಕ್ಕೆ 7,000, ನೀರಿಗೆ 300 ಕಳೆದು 37,100 ರೂಪಾಯಿ. ಅಂಕಲ್ ಫೋನಿನಲ್ಲಿ ಹಾಕಿದರು, ನಾವು ಬೀಗದ ಕೈ ಎರಡನ್ನೂ ಕೊಟ್ಟೆವು. ಅವರ ಹಾಳೆಯಲ್ಲಿ 'ಲೆಕ್ಕ ಚುಕ್ತಾ' ಎಂದು ನಾವು ಬರೆದೆವು, ನಮ್ಮದರಲ್ಲಿ ಅವರು ಬರೆದರು.

ಅಂಚೆಯದೊಂದು ಕೆಲಸ ಬಾಕಿ ಇತ್ತು. ನೇಮಕಾತಿಗೆ ಅರ್ಜಿ ಹಾಕುವಾಗ ಕೊಟ್ಟದ್ದು ಹಳೆಯ ವಿಳಾಸ. ಹಾಲ್ ಟಿಕೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಸರಿ. ಆದರೆ ಆಯ್ಕೆಯಾದ ಮೇಲಿನ ಪತ್ರ ಅಂಚೆಯಲ್ಲೂ ಬರಬಹುದು, ಪೊಲೀಸ್ ಪರಿಶೀಲನೆಗೂ ಆ ವಿಳಾಸಕ್ಕೇ ಬರಬಹುದು. ಹಳೆಯ ವಿಳಾಸಕ್ಕೆ ಟಪಾಲು ಹಂಚುವ ಅಂಚೆ ಕಚೇರಿಗೆ ಹೋಗಿ, ನಮ್ಮ ಹೆಸರಿನ ಟಪಾಲನ್ನು ಹೊಸ ವಿಳಾಸಕ್ಕೆ ತಿರುಗಿಸುವಂತೆ ಅರ್ಜಿ ಬರೆದುಕೊಟ್ಟೆವು. ಇರಲಿ ಎಂದು ಆಂಟಿಗೂ ಹೇಳಿ ಮೂವರ ನಂಬರನ್ನೂ ಬರೆದುಕೊಟ್ಟೆವು. ಅವರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡರು, ಪಕ್ಕದಲ್ಲಿ ಮೊಮ್ಮಗಳ ಶಾಲೆಯ ಪಟ್ಟಿ ಇತ್ತು.